ಶವಪೆಟ್ಟಿಗೆಯ ಪಕ್ಕದ ಅರ್ಧ ನಿಮಿಷ

ಓಹಾಯೋದಲ್ಲಿ ನಾನು ಕೆಲಸಕ್ಕಿದ್ದ ಕಂಪನಿಯ ಗೋದಾಮಿನಲ್ಲಿ ಒಬ್ಬ ಹಿರಿಯರಿದ್ದರು. ಅವರಿಗೂ ನನಗೂ ಇದ್ದ ಪರಿಚಯವೆಂದರೆ ಕಾಫಿ ಯಂತ್ರದ ಮುಂದೆ ಸಿಕ್ಕಾಗ ಹವೆಯ ಬಗ್ಗೆ ಎರಡು ಮಾತು, ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ ಒಮ್ಮೆ ಕೈ ಎತ್ತುವುದು, ಅಷ್ಟೇ. ಒಂದು ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮರುದಿನ ಆಫೀಸಿನಲ್ಲಿ ಎಲ್ಲರಿಗೂ ಒಂದು ಸುದ್ದಿ ಬಂತು: ಗುರುವಾರ ಸಂಜೆ ನಾಲ್ಕರಿಂದ ಏಳರವರೆಗೆ ‘ಕಾಲಿಂಗ್ ಅವರ್ಸ್’, ಇಂಥ ಫ್ಯೂನರಲ್ ಹೋಮಿನಲ್ಲಿ. ಹೋಗಬೇಕೆಂದು ಮನಸ್ಸು ಹೇಳಿತು. ಆದರೆ ಅವರ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ನಾನು ಕಂಡವನಲ್ಲ. ಎದುರಿಗೆ ನಿಂತು ಏನು ಹೇಳುವುದು?

ನಮ್ಮೂರಾಗಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ. ಸಾವಿನ ಮನೆಗೆ ಹೋದವನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾನೆ, ಮುಖ ನೋಡುತ್ತಾನೆ, ಕೈ ಮುಗಿಯುತ್ತಾನೆ, ಹೊರಗೆ ಬಂದು ಗೋಡೆಗೆ ಒರಗಿ ಇನ್ನಿಬ್ಬರ ಪಕ್ಕ ಕೂರುತ್ತಾನೆ. ಮನೆಯವರು ‘ಬನ್ನಿ’ ಎನ್ನುವುದಿಲ್ಲ, ಹೊರಡುವಾಗ ಇವನೂ ‘ಹೋಗಿ ಬರ್ತೀನಿ’ ಎನ್ನುವುದಿಲ್ಲ. ಬಂದಿದ್ದನ್ನು ಮನೆಯವರು ನೋಡಿರುತ್ತಾರೆ, ಅದೇ ಸಾಕು. ಅಲ್ಲಿ ಸುಮ್ಮನೆ ಕೂರುವುದೇ ಮಾತು. ಅಮೆರಿಕದ ಫ್ಯೂನರಲ್ ಹೋಮಿನಲ್ಲಿ ಕೂತು ಹೇಳಬಹುದಾದ ಆ ಮಾತಿಗೆ ಜಾಗವಿಲ್ಲ. ಮನೆಯವರು ಪೆಟ್ಟಿಗೆಯ ಪಕ್ಕ ಸಾಲಾಗಿ ನಿಂತಿರುತ್ತಾರೆ. ಬಂದವರು ಇನ್ನೊಂದು ಸಾಲಿನಲ್ಲಿ ಒಬ್ಬೊಬ್ಬರಾಗಿ ಅವರ ಮುಂದೆ ಹಾದುಹೋಗುತ್ತಾರೆ. ನಿಮ್ಮ ಸರದಿ ಬಂದಾಗ ಒಂದು ಕೈ ನಿಮ್ಮ ಕಡೆಗೆ ಚಾಚಿರುತ್ತದೆ, ಎರಡು ಕಣ್ಣು ನೀವು ಯಾರೆಂದು ಹುಡುಕುತ್ತಿರುತ್ತವೆ. ಬಾಯಿ ತೆರೆಯದೆ ಉಪಾಯವಿಲ್ಲ. ಈಗ ಕನ್ನಡದವರು ಎಷ್ಟೋ ಮಂದಿ ಅಲ್ಲಿ ನೆಲೆಸಿದ್ದಾರೆ. ಸಹೋದ್ಯೋಗಿಯ ತಾಯಿ, ಪಕ್ಕದ ಮನೆಯಾತ, ಮಗುವಿನ ಶಾಲೆಯ ಬಸ್ಸಿನ ಚಾಲಕ, ಹೀಗೆ ಯಾರದೋ ಸಾವಿಗೆ ಈ ಸಾಲಿನಲ್ಲಿ ಅವರೂ ಒಂದಲ್ಲ ಒಂದು ದಿನ ನಿಲ್ಲುತ್ತಾರೆ.

ಈ ಸಾಲಿಗೆ ಒಂದು ಹಿನ್ನೆಲೆಯಿದೆ. ನಮ್ಮಲ್ಲಿ ದಹನವೋ ದಫನವೋ ಅದೇ ದಿನ, ತಪ್ಪಿದರೆ ಮರುದಿನ ಮುಗಿಯುತ್ತದೆ. ಅಲ್ಲಿ ಸಾವಿಗೂ ಮಣ್ಣಿಗೂ ನಡುವೆ ಮೂರು ನಾಲ್ಕು ದಿನ, ಕೆಲವೊಮ್ಮೆ ವಾರವೇ ಇರುತ್ತದೆ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ದೂರದ ರಣರಂಗದಲ್ಲಿ ಸತ್ತ ಮಕ್ಕಳ ದೇಹವನ್ನು ಮನೆಗೆ ತರಿಸಿಕೊಳ್ಳಲು ಔಷಧ ತುಂಬಿ ದೇಹ ಕೆಡದಂತೆ ಇಡುವ ಪದ್ಧತಿ ಬಳಕೆಗೆ ಬಂತು. 1865ರ ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾದಾಗ ಅವರ ದೇಹವನ್ನೂ ಹಾಗೆಯೇ ಸಿದ್ಧಪಡಿಸಿ ವಾಷಿಂಗ್ಟನ್‌ನಿಂದ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡಿಗೆ ರೈಲಿನಲ್ಲಿ ಒಯ್ದರು. ದಾರಿಯುದ್ದಕ್ಕೂ ಊರೂರಿನಲ್ಲಿ ಜನ ಸಾಲುಗಟ್ಟಿ ಮುಖ ನೋಡಿದರು. ಮಣ್ಣಾದದ್ದು ಮೇ 4ರಂದು. ಆ ಕಾಲಕ್ಕೆ ಸಾಮಾನ್ಯರ ಮನೆಗಳಲ್ಲಿ ಹೆಣವನ್ನು ಮುಂದಿನ ಕೋಣೆಯಲ್ಲಿ, ಅವರು ಪಾರ್ಲರ್ ಎನ್ನುವ ಕಡೆ ಇಡುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ಆ ಕೋಣೆಯ ಕೆಲಸ ಫ್ಯೂನರಲ್ ಹೋಮಿಗೆ ಹೋಯಿತು. ಹೆಸರಿನಲ್ಲಿ ‘ಮನೆ’ ಉಳಿದುಕೊಂಡಿದೆ. ಒಳಗೆ ಕಾಲಿಟ್ಟರೆ ಇವತ್ತಿಗೂ ಸೋಫಾ, ಮೇಜಿನ ದೀಪ, ನೆಲಹಾಸು ಎಲ್ಲ ಇದ್ದು ಯಾರದೋ ಹಳೆಯ ಮನೆಯ ನಡುಮನೆಯಂತೆಯೇ ಕಾಣುತ್ತದೆ.

ಬಾಗಿಲಲ್ಲಿ ಕಪ್ಪು ಸೂಟು ತೊಟ್ಟ ಸಿಬ್ಬಂದಿ ಕೋಟು ತೆಗೆದುಕೊಂಡು ಯಾವ ಕೋಣೆಯೆಂದು ತೋರಿಸುತ್ತಾರೆ. ಒಂದೇ ಸಂಜೆ ಎರಡು ಮನೆಯವರ ದರ್ಶನ ನಡೆಯುತ್ತಿರುವುದುಂಟು, ಹಾಗಾಗಿ ಬಾಗಿಲ ಪಕ್ಕದ ಹೆಸರನ್ನು ಓದಿಕೊಂಡೇ ಒಳಗೆ ಹೋಗಬೇಕು. ಕೋಣೆಯ ಬಾಯಲ್ಲಿ ಒಂದು ಸ್ಟ್ಯಾಂಡಿನ ಮೇಲೆ ಹೆಸರು ಬರೆಯುವ ಪುಸ್ತಕವಿರುತ್ತದೆ. ಪರಿಚಯ ಮಾತ್ರದವರಿಗೆ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಆ ಸಂಜೆ ಕೇಳಿದ ಹೆಸರುಗಳಲ್ಲಿ ಹತ್ತೂ ಮನೆಯವರ ನೆನಪಿನಲ್ಲಿ ಉಳಿಯುವುದಿಲ್ಲ. ಎರಡು ವಾರ ಕಳೆದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಈ ಪುಸ್ತಕ ಬಿಡಿಸಿಕೊಂಡು ಕೂತು, ಬಂದವರಿಗೆ ಧನ್ಯವಾದದ ಕಾರ್ಡು ಬರೆಯುತ್ತಾರೆ. ಆದ್ದರಿಂದ ಹೆಸರನ್ನು ಬಿಡಿಸಿ ಬಿಡಿಸಿ ಬರೆಯಿರಿ. ಅದರ ಮುಂದೆ ‘ಗೋದಾಮಿನ ಸಹೋದ್ಯೋಗಿ’ ಎಂದೋ ‘ಎದುರು ಬೀದಿಯ ನೀಲಿ ಬಾಗಿಲಿನ ಮನೆ’ ಎಂದೋ ಸೇರಿಸಿ. ನಮ್ಮ ಉದ್ದನೆಯ ಹೆಸರುಗಳು ಅವರ ಕಿವಿಗೆ ಒಂದೇ ಸಲಕ್ಕೆ ಹತ್ತುವುದಿಲ್ಲ. ಸಾಲಿನಲ್ಲಿ ನಿಂತು ಅಕ್ಷರ ಅಕ್ಷರವಾಗಿ ಹೇಳಿಕೊಡಬೇಕಾದ ತಾಪತ್ರಯವನ್ನು ಈ ಒಂದು ಗೆರೆ ತಪ್ಪಿಸುತ್ತದೆ.

ಪುಸ್ತಕ ದಾಟಿದರೆ ಫೋಟೋ ಅಂಟಿಸಿದ ಹಲಗೆಗಳು. ಮದುವೆಯ ಫೋಟೋ, ಸೈನ್ಯದ ಸಮವಸ್ತ್ರ, ಮೀನು ಹಿಡಿದು ನಗುವ ಮುಖ, ಮೊಮ್ಮಗಳನ್ನು ಎತ್ತಿಕೊಂಡ ತಾತ. ಸಾಲು ಇವುಗಳ ಪಕ್ಕದಲ್ಲೇ ನಿಧಾನವಾಗಿ ಸಾಗುತ್ತದೆ. ಫೋನ್ ಜೇಬಿಗೆ ಹಾಕಿ ಫೋಟೋ ನೋಡಿ. ನೀವು ಬರೀ ಕಾಫಿ ಯಂತ್ರದ ಮುಂದೆ ಕಂಡ ಮನುಷ್ಯ ಉಳಿದ ದಿನವೆಲ್ಲ ಯಾರಾಗಿದ್ದ ಎಂಬುದು ಅಲ್ಲಿದೆ, ಮುಂದೆ ನೀವು ಆಡಲಿರುವ ಮಾತಿಗೆ ಅದು ತೂಕ ಕೊಡುತ್ತದೆ.

ಇನ್ನು ಲೆಕ್ಕ. ನಾಲ್ಕರಿಂದ ಏಳು ಎಂದರೆ ನೂರೆಂಬತ್ತು ನಿಮಿಷ. ಇನ್ನೂರು ಜನ ಬಂದರೆ ತಲಾ ಒಂದು ನಿಮಿಷವೂ ಬರುವುದಿಲ್ಲ. ಅದರಲ್ಲಿ ಅಣ್ಣ ತಮ್ಮಂದಿರು, ಬಾಲ್ಯದ ಗೆಳೆಯರು ಐದೈದು ನಿಮಿಷ ನಿಲ್ಲುತ್ತಾರೆ, ಅದು ಅವರ ಹಕ್ಕು. ಹಾಗಾಗಿ ಪರಿಚಯದವರಿಗೆ ಉಳಿಯುವುದು ಒಬ್ಬೊಬ್ಬರ ಮುಂದೆ ಅರ್ಧ ನಿಮಿಷ. ನಿಂತವರ ಕಡೆಯಿಂದ ಯೋಚಿಸಿದರೆ, ಮೂರು ಗಂಟೆ ಕಾಲ ನಿಂತು, ಇನ್ನೂರು ಕೈ ಕುಲುಕಿ, ಇನ್ನೂರು ಸಲ ‘ಥ್ಯಾಂಕ್ ಯೂ ಫಾರ್ ಕಮಿಂಗ್’ ಎಂದಿರುತ್ತಾರೆ. ಎಷ್ಟೋ ಜನ ಆ ದಿನ ಸರಿಯಾಗಿ ಊಟವನ್ನೂ ಮಾಡಿರುವುದಿಲ್ಲ. ಕೈ ಗಟ್ಟಿಯಾಗಿ ಹಿಚುಕಬೇಡಿ, ಬೆರಳಿನ ಉಂಗುರ ಒತ್ತಿ ಒತ್ತಿ ನೋವಾಗಿರುತ್ತದೆ.

ಈ ಅರ್ಧ ನಿಮಿಷಕ್ಕೆ ಮೂರು ಮಾತು ಸಾಕು. ನೀವು ಯಾರು, ತೀರಿಕೊಂಡವರು ನಿಮಗೆ ಏನಾಗಬೇಕು, ನಿಮಗೆ ದುಃಖವಾಗಿದೆ. ನಾಲ್ಕನೆಯದೊಂದಿದ್ದರೆ ಸೇರಿಸಿ, ಅದರ ಮಾತು ಮುಂದೆ ಬರುತ್ತದೆ.

ಮೊದಲು ಹೆಸರು ಮತ್ತು ಸಂಬಂಧ, ಒಂದೇ ಉಸಿರಿನಲ್ಲಿ. ಬಹಳ ಜನ ಎಡವುವುದು ಇಲ್ಲೇ. ಸೀದಾ ‘ಸಾರಿ’ ಎಂದು ಶುರುಮಾಡುತ್ತಾರೆ. ಎದುರಿಗಿದ್ದ ಹೆಂಗಸು ತಲೆಯಾಡಿಸುತ್ತಾಳೆ, ಆದರೆ ಅವಳ ತಲೆಯಲ್ಲಿ ‘ಇವರು ಯಾರು? ನನಗೆ ಗೊತ್ತಿರಬೇಕಿತ್ತೆ?’ ಎಂಬ ಹುಡುಕಾಟ ನಡೆಯುತ್ತಿರುತ್ತದೆ. ದುಃಖದಲ್ಲಿರುವವಳ ಮೇಲೆ ಆ ಭಾರ ಹೊರಿಸಬಾರದು. ನೀವು ಒಂದು ಸಲ ಅವಳನ್ನು ಭೇಟಿಯಾಗಿದ್ದರೂ ‘ನೆನಪಿದೆಯಾ?’ ಎಂದು ಕೇಳಬೇಡಿ, ನೀವೇ ಹೇಳಿಬಿಡಿ.

ಆಮೇಲೆ ‘ಐಯಾಮ್ ಸೋ ಸಾರಿ’. ಕನ್ನಡದ ಕಿವಿಗೆ ಈ ಮಾತು ಒಗ್ಗುವುದು ಕಷ್ಟ. ನಮ್ಮಲ್ಲಿ ಸಾರಿ ಎಂದರೆ ತಪ್ಪಾಯಿತು ಎಂದರ್ಥ. ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಮಾತು. ‘ನಾನೇನು ತಪ್ಪು ಮಾಡಿದೆ’ ಅಂತ ಒಳಗೊಳಗೇ ಅನಿಸಿ, ಅದನ್ನು ಹೇಳದೆ ಬೇರೇನೋ ದೊಡ್ಡ ಮಾತು ಹುಡುಕಲು ಹೋಗುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಆ ಪದ ಸಂಕಟ ಎಂಬ ಪದದ ನಂಟು. ‘ನನಗೂ ಸಂಕಟವಾಗಿದೆ’ ಎಂದಷ್ಟೇ ಅದರ ಅರ್ಥ. ‘ಸಾರಿ ಫಾರ್ ಯುವರ್ ಲಾಸ್’ ಎನ್ನುವುದು ಸವೆದ ನಾಣ್ಯ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಐರ್ಲೆಂಡಿನಲ್ಲಿ ಊರಿಗೆ ಊರೇ ಸಾಲುಗಟ್ಟಿ ಬಂದು, ಪ್ರತಿಯೊಬ್ಬರೂ ‘ಸಾರಿ ಫಾರ್ ಯುವರ್ ಟ್ರಬಲ್’ ಎಂಬ ಅದೇ ನಾಲ್ಕು ಪದ ಹೇಳಿ ಕೈ ಕುಲುಕಿ ಹೋಗುತ್ತಾರೆ. ಅಲ್ಲಿ ಹೊಸ ಮಾತು ಬೇಕೆಂದು ಯಾರೂ ಕಾಯುವುದಿಲ್ಲ. ಸವೆದ ಮಾತಿಗೆ ಉತ್ತರ ಯೋಚಿಸಬೇಕಾಗಿಲ್ಲ, ‘ಥ್ಯಾಂಕ್ ಯೂ’ ಎಂದರಾಯಿತು. ದಣಿದವರಿಗೆ ಅದು ಉಪಕಾರ. ಬೇಕಿದ್ದರೆ ‘ಲಾಸ್’ ಎನ್ನುವ ಜಾಗದಲ್ಲಿ ಹೋದವರನ್ನೇ ಹೆಸರಿಸಿ: ‘ನಿಮ್ಮ ತಂದೆಯವರ ವಿಷಯ ಕೇಳಿ ತುಂಬಾ ದುಃಖವಾಯಿತು’.

ನಾಲ್ಕನೆಯ ಮಾತು ಹೋದವರ ಬಗ್ಗೆ ನೀವು ಕಂಡ ಒಂದೇ ಒಂದು ಸಣ್ಣ ಸಂಗತಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ‘ನಾನು ಬರೀ ಪರಿಚಯದವನು, ನನ್ನ ಹತ್ತಿರ ಏನಿದೆ’ ಎಂಬ ಸಂಕೋಚಕ್ಕೆ ಮದ್ದು ಇಲ್ಲಿದೆ. ಹೆಂಡತಿಗೆ ಗಂಡನ ಮನೆಯ ಮುಖ ಗೊತ್ತು. ಅವನು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಹೇಗಿದ್ದ ಎಂಬುದು ಅವಳಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮ್ಮಂಥ ಪರಿಚಯದವರಿಗೇ. ಹತ್ತಿರದವರು ತರುವ ನೆನಪುಗಳೆಲ್ಲ ಅವಳಿಗೆ ಗೊತ್ತಿರುವಂಥವು. ಅವಳಿಗೆ ಗೊತ್ತಿಲ್ಲದ್ದನ್ನು ತರಬಲ್ಲವರು ನೀವು.

ನನ್ನ ಗೋದಾಮಿನ ಹಿರಿಯರ ಸಂಗತಿಗೆ ಬರುತ್ತೇನೆ. ಓಹಾಯೋದಲ್ಲಿ ನನ್ನ ಮೊದಲ ಚಳಿಗಾಲ. ಸಂಜೆ ಹೊರಬಂದರೆ ಕಾರಿನ ಗಾಜಿನ ಮೇಲೆ ಬೆರಳು ದಪ್ಪದ ಹಿಮಗಡ್ಡೆ. ನಾನು ಆಫೀಸಿನ ಒಳಗಿಂದ ಒಂದು ಜಗ್ಗು ಬಿಸಿನೀರು ತಂದು ಸುರಿಯಲು ಹೊರಟಿದ್ದೆ. ಅವರು ದೂರದಿಂದಲೇ ಕೈ ಬೀಸಿ ನಿಲ್ಲಿಸಿದರು. ಕೊರೆಯುವ ಗಾಜಿಗೆ ಬಿಸಿನೀರು ಬಿದ್ದರೆ ಸೀಳಿಬಿಡುತ್ತದೆ ಎಂದು ಹೇಳಿ, ತಮ್ಮ ಕಾರಿನಿಂದ ಪ್ಲಾಸ್ಟಿಕ್ಕಿನ ಕೆರೆಯುವ ಸಲಿಕೆ ತಂದರು. ಒಳಗೆ ಹೀಟರ್ ಹಾಕಿಸಿದರು. ಅಂಚಿನಿಂದ ಶುರುಮಾಡಿ ಓರೆಯಾಗಿ ಹಿಡಿದು ತಳ್ಳಬೇಕೆಂದು ತೋರಿಸಿ ಇಡೀ ಗಾಜನ್ನು ತಾವೇ ಕೆರೆದುಕೊಟ್ಟರು. ಆ ಸಲಿಕೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಸಾಲಿನಲ್ಲಿ ಅವರ ಹೆಂಡತಿಯ ಮುಂದೆ ಬಂದಾಗ ಹೀಗೆ ಹೇಳಿದೆ: ಹೆಸರು ಹೇಳಿ, ಅವರ ಜೊತೆ ಕೆಲಸ ಮಾಡುತ್ತಿದ್ದೇನೆ, ಮಹಡಿಯ ಮೇಲಿನ ಆಫೀಸಿನಲ್ಲಿ. ಅವರು ಹೋದದ್ದು ತುಂಬಾ ದುಃಖವಾಯಿತು. ನನ್ನ ಮೊದಲ ಚಳಿಗಾಲದಲ್ಲಿ ಕಾರಿನ ಗಾಜಿನ ಹಿಮ ಕೆರೆಯುವುದನ್ನು ಅವರೇ ಕಲಿಸಿದರು, ಅವರು ಕೊಟ್ಟ ಸಲಿಕೆ ಈಗಲೂ ನನ್ನ ಕಾರಿನಲ್ಲಿದೆ. ಇಷ್ಟೇ. ಆಕೆ ನನ್ನ ಕೈ ಬಿಡಲಿಲ್ಲ. ಪಕ್ಕದಲ್ಲಿದ್ದ ಮಗನ ತೋಳು ಹಿಡಿದೆಳೆದು ‘ಇವರು ಹೇಳಿದ್ದು ಕೇಳು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಮೂವತ್ತು ವರ್ಷದಿಂದ ನನ್ನ ಕಾರಿನ ಗಾಜು ನಾನು ಕೆರೆದಿಲ್ಲ. ನಾನು ಏಳುವ ಹೊತ್ತಿಗೆ ಅದು ಆಗಿರುತ್ತಿತ್ತು’ ಎಂದರು. ನಾನು ತಲೆಯಾಡಿಸಿದೆ. ಅವರ ಮಾತಿಗೆ ಇನ್ನೊಂದು ಮಾತು ಸೇರಿಸಲಿಲ್ಲ, ಮಗನ ಕಡೆ ಸರಿದೆ.

ಗಮನಿಸಬೇಕಾದ್ದು ಏನೆಂದರೆ, ಈ ಸಂಗತಿ ಸಣ್ಣದು ಮತ್ತು ಕಣ್ಣಿಗೆ ಕಾಣುವಂಥದ್ದು. ‘ಅವರು ಬಹಳ ಒಳ್ಳೆಯವರು’ ಎನ್ನುವುದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ, ಕೆರೆಯುವ ಸಲಿಕೆಗೆ ಇದೆ. ಇಂಥದ್ದು ನಿಮ್ಮಲ್ಲಿ ಇಲ್ಲದಿದ್ದರೆ ಕಟ್ಟಿ ಹೇಳಲು ಹೋಗಬೇಡಿ. ಮೊದಲ ಮೂರು ಮಾತಿನಲ್ಲಿ ನಿಲ್ಲಿಸಿ, ಅದರಲ್ಲಿ ಕೊರತೆಯೇನಿಲ್ಲ.

ಪರಿಚಯ ಇನ್ನೊಂದು ಬಗೆಯದಾಗಿರಬಹುದು. ನಿಮಗೆ ಗೊತ್ತಿರುವುದು ನಿಂತಿರುವ ಮಗಳು, ತೀರಿಕೊಂಡ ತಾಯಿಯನ್ನು ನೀವು ಕಂಡೇ ಇಲ್ಲ. ಆಗ ಹೋದವರ ಗುಣಗಾನ ಮಾಡಿದರೆ ಸುಳ್ಳಾಗುತ್ತದೆ. ‘ನಿಮ್ಮ ತಾಯಿಯನ್ನು ಭೇಟಿಯಾಗುವ ಅವಕಾಶ ನನಗೆ ಸಿಗಲಿಲ್ಲ. ಆದರೆ ಪ್ರತಿ ಭಾನುವಾರ ಅವರಿಗೆ ಫೋನ್ ಮಾಡುವುದನ್ನು ನೀವು ತಪ್ಪಿಸುತ್ತಿರಲಿಲ್ಲ ಎಂದು ಗೊತ್ತು. ತುಂಬಾ ದುಃಖವಾಯಿತು’ ಎಂದು, ಮಗಳಲ್ಲಿ ನೀವು ನಿಜವಾಗಿ ಕಂಡದ್ದನ್ನು ಹೇಳಿ. ಆ ಸಾಲಿನಲ್ಲಿ ಅವಳ ಪಕ್ಕ ಮಾವ, ಅತ್ತೆ, ಸೋದರಳಿಯ, ಹೀಗೆ ನಿಮ್ಮನ್ನು ಅರಿಯದವರು ನಿಂತಿರುತ್ತಾರೆ. ಅವರಿಗೆ ಹೆಸರು, ‘ನಾನು ಇವರ ಸಹೋದ್ಯೋಗಿ’, ‘ಸಾರಿ’. ಪ್ರತಿಯೊಬ್ಬರಿಗೂ ಕಥೆ ಬೇಡ. ಆದರೆ ಯಾರನ್ನೂ ದಾಟಿ ಹೋಗಬೇಡಿ, ಕೊನೆಯಲ್ಲಿ ನಿಂತ ಹನ್ನೆರಡು ವರ್ಷದ ಮೊಮ್ಮಗನನ್ನಂತೂ ಖಂಡಿತ ಬೇಡ. ಸಾಮಾನ್ಯವಾಗಿ ಅವನನ್ನು ಯಾರೂ ಮಾತಾಡಿಸಿರುವುದಿಲ್ಲ. ‘ನಿನ್ನ ತಾತನ ವಿಷಯ ತುಂಬಾ ಬೇಜಾರಾಯ್ತು’ ಎಂದು ಅವನ ಕಣ್ಣು ನೋಡಿ ಹೇಳಿ.

ಇನ್ನು ಹೇಳಬಾರದ್ದು. ನಾನು ಮಾಡಿದ ತಪ್ಪಿನಿಂದಲೇ ಶುರುಮಾಡುತ್ತೇನೆ. ಈ ಹಿರಿಯರ ಸಾವಿಗಿಂತ ಎರಡು ವರ್ಷ ಮುಂಚೆ, ಚಿಕ್ಕ ವಯಸ್ಸಿನ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಮುಂದೆ ನಿಂತಿದ್ದೆ. ಬಾಯಿಗೆ ಬಂದದ್ದು ದಿನವೂ ಆಡುವ ‘ಹೌ ಆರ್ ಯೂ?’. ಅದು ಹೊರಬಿದ್ದ ಮೇಲೆ ಗಾಬರಿಯಾಗಿ ‘ಹೇಗಾಯ್ತು?’ ಎಂದು ಕೇಳಿದೆ. ಆಕೆಯ ಕೈ ನನ್ನ ಕೈಯೊಳಗೆ ಸಡಿಲವಾಯಿತು. ಪಕ್ಕದಲ್ಲಿದ್ದ ಅಕ್ಕ ‘ಬಂದದ್ದಕ್ಕೆ ಧನ್ಯವಾದ’ ಎಂದು ನನ್ನನ್ನು ಮುಂದಕ್ಕೆ ಕಳಿಸಿದರು. ಆ ಸಡಿಲವಾದ ಕೈ ನನಗೆ ಇವತ್ತಿಗೂ ನೆನಪಿದೆ.

‘ಹೇಗಾಯ್ತು?’ ಎಂಬುದು ನಮ್ಮ ಊರಿನಲ್ಲಿ ಒಳ್ಳೆಯ ಪ್ರಶ್ನೆ. ಸಾವಿನ ಮನೆಯಲ್ಲಿ ಕೂತವರು ಅದನ್ನು ಕೇಳಿಯೇ ಕೇಳುತ್ತಾರೆ. ಮನೆಯವರು ರಾತ್ರಿ ಎದೆ ಹಿಡಿದುಕೊಂಡದ್ದರಿಂದ ಹಿಡಿದು ಆಸ್ಪತ್ರೆಯ ಬಾಗಿಲವರೆಗೆ ಎಲ್ಲವನ್ನೂ ಹೇಳುತ್ತಾರೆ, ಹೊಸಬರು ಬಂದಾಗ ಮತ್ತೆ ಹೇಳುತ್ತಾರೆ. ಹೇಳಿ ಹೇಳಿ ದುಃಖ ಹಗುರವಾಗುತ್ತದೆ. ಅದಕ್ಕೇ ನಾವು ‘ಮಾತಾಡಿಸಿಕೊಂಡು ಬರೋಣ’ ಎನ್ನುತ್ತೇವೆ. ಅಲ್ಲಿ ಕೂರಲು ಹೊತ್ತಿರುತ್ತದೆ. ಫ್ಯೂನರಲ್ ಹೋಮಿನ ಸಾಲಿನಲ್ಲಿ ಅದೇ ಪ್ರಶ್ನೆ ಕೇಳಿದರೆ, ಹಿಂದೆ ನಲವತ್ತು ಜನ ನಿಂತಿರುವಾಗ, ಅಪರಿಚಿತರ ಮುಂದೆ, ಅರ್ಧ ನಿಮಿಷದಲ್ಲಿ ಆ ರಾತ್ರಿಯನ್ನು ಬಿಚ್ಚಿಡು ಎಂದಂತಾಗುತ್ತದೆ. ಪತ್ರಿಕೆಯ ಮರಣವಾರ್ತೆಯಲ್ಲಿ ಕಾರಣ ಬರೆಯದೆ ‘ಮನೆಯಲ್ಲಿ ಹಠಾತ್ತನೆ ನಿಧನ’ ಎಂದಷ್ಟೇ ಇದ್ದರೆ, ಮನೆಯವರು ಹೇಳಲು ಬಯಸಿದ್ದು ಅಷ್ಟೇ ಎಂದು ತಿಳಿಯಬೇಕು. ಅದು ಆತ್ಮಹತ್ಯೆಯೋ, ಮಾದಕ ವಸ್ತುವಿನಿಂದಾದ ಸಾವೋ ಇರಬಹುದು.

ನಮ್ಮ ಸಮಾಧಾನದ ಮಾತುಗಳಿಗೂ ಇದೇ ಗತಿ. ‘ವಯಸ್ಸಾಗಿತ್ತಲ್ಲ’, ‘ನರಳದೆ ಹೋದರು, ಪುಣ್ಯವಂತರು’, ‘ಋಣ ಇಷ್ಟೇ ಇತ್ತು’. ಇವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ, ‘ಇದಕ್ಕೆ ಇಷ್ಟು ಅಳಬೇಕಾಗಿಲ್ಲ’ ಎಂದು ಕೇಳಿಸುತ್ತದೆ. ಮನೆಯವರೇ ‘ತೊಂಬತ್ತೆರಡಾಗಿತ್ತು, ತುಂಬು ಬಾಳು’ ಎಂದರೆ ನೀವು ತಲೆಯಾಡಿಸಬಹುದು. ಮೊದಲು ಆಡುವ ಹಕ್ಕು ಅವರದ್ದು. ‘ಈಗ ಒಳ್ಳೆಯ ಜಾಗದಲ್ಲಿದ್ದಾರೆ’ ಎಂಬ ಮಾತೂ ಹಾಗೆಯೇ. ಅವರ ನಂಬಿಕೆ ಏನೆಂದು ಪರಿಚಯ ಮಾತ್ರದವರಿಗೆ ಗೊತ್ತಿರುವುದಿಲ್ಲ. ‘ನನ್ನ ಅಪ್ಪ ಹೋದಾಗಲೂ ಹೀಗೇ ಆಗಿತ್ತು, ನಿಮ್ಮ ಸಂಕಟ ಗೊತ್ತು’ ಎಂದು ಆರಂಭಿಸಿದರೆ ಆ ಅರ್ಧ ನಿಮಿಷ ನಿಮ್ಮ ಅಪ್ಪನದಾಗಿಬಿಡುತ್ತದೆ.

ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟವರು ಮನಶ್ಶಾಸ್ತ್ರಜ್ಞೆ ಸೂಸನ್ ಸಿಲ್ಕ್ ಮತ್ತು ಬ್ಯಾರಿ ಗೋಲ್ಡ್‌ಮನ್. 2013ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು. ಒಂದು ಸಣ್ಣ ಸುತ್ತು ಬರೆಯಿರಿ, ಅದರೊಳಗೆ ಪೆಟ್ಟು ತಿಂದವರ ಹೆಸರು. ಅದರ ಸುತ್ತ ಇನ್ನೊಂದು ಸುತ್ತು, ಅವರಿಗೆ ಅತಿ ಹತ್ತಿರದವರು. ಹೀಗೆ ಹೊರಗೆ ಹೋದಂತೆ ಬಂಧುಗಳು, ಗೆಳೆಯರು, ಕೊನೆಯಲ್ಲಿ ಪರಿಚಯದವರು. ಸಮಾಧಾನ ಒಳಮುಖವಾಗಿ ಹರಿಯಬೇಕು, ನಮ್ಮ ಗೋಳು ಹೊರಮುಖವಾಗಿ. ಪೆಟ್ಟಿಗೆ ಕಂಡು ನಿಮಗೆ ಅಳು ಉಕ್ಕಿ ಬಂದರೆ ಕಣ್ಣು ಒದ್ದೆಯಾಗುವುದರಲ್ಲಿ ತಪ್ಪೇನಿಲ್ಲ. ಆದರೆ ಗಂಡನನ್ನು ಕಳೆದುಕೊಂಡವಳು ನಿಮ್ಮ ಬೆನ್ನು ಸವರುವಂತಾದರೆ ಹರಿವು ತಿರುಗಿತು ಎಂದೇ ಅರ್ಥ.

‘ಏನಾದರೂ ಬೇಕಾದರೆ ಹೇಳಿ’ ಎಂಬುದನ್ನೂ ಸಾಲಿನಲ್ಲಿ ಬಿಟ್ಟುಬಿಡುವುದು ಲೇಸು. ಏನು ಬೇಕೆಂದು ಯೋಚಿಸಿ, ನಿಮ್ಮ ನಂಬರು ಹುಡುಕಿ, ಕೇಳುವ ಕೆಲಸವನ್ನು ಅದು ಅವರಿಗೇ ಒಪ್ಪಿಸುತ್ತದೆ. ಎಮಿಲಿ ಪೋಸ್ಟ್ 1922ರಲ್ಲಿ ಬರೆದ ಶಿಷ್ಟಾಚಾರದ ಪುಸ್ತಕದಲ್ಲಿ ಸಾವಿನ ಅಧ್ಯಾಯವೊಂದಿದೆ. ದುಃಖದಲ್ಲಿರುವವರನ್ನು ಬೇಕೇ ಎಂದು ಕೇಳುತ್ತಾ ನಿಲ್ಲದೆ ಬಿಸಿ ಚಹಾವನ್ನೋ ಸಾರನ್ನೋ ತಂದಿಡಬೇಕೆಂಬುದು ಅದರಲ್ಲಿನ ಸಲಹೆ. ಪಕ್ಕದ ಮನೆಯವರಾದರೆ ಮರುವಾರ ಅವರ ಅಂಗಳದ ಹಿಮ ಎತ್ತಿಹಾಕಿ, ಅದಕ್ಕೆ ಅನುಮತಿ ಬೇಕಿಲ್ಲ.

ಪೆಟ್ಟಿಗೆಯ ಮಾತೂ ಒಂದಿದೆ. ಕೆಲವೆಡೆ ಮುಚ್ಚಳ ತೆರೆದಿರುತ್ತದೆ, ಕೆಲವೆಡೆ ಮುಚ್ಚಿರುತ್ತದೆ, ಈಚೆಗೆ ದಹನ ಹೆಚ್ಚಿದ ಮೇಲೆ ಬರೀ ಬೂದಿಯ ಕರಂಡವೊಂದಿರುವುದೂ ಸಾಮಾನ್ಯ. ತೆರೆದಿದ್ದರೆ ನೋಡಲೇಬೇಕೆಂದಿಲ್ಲ, ಎರಡು ಹೆಜ್ಜೆ ದೂರದಲ್ಲಿ ತಲೆಬಾಗಿ ಮುಂದೆ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೈ ಮುಗಿಯಬೇಕೆನಿಸಿದರೆ ಮುಗಿಯಿರಿ, ಅದೂ ಎಲ್ಲರಿಗೂ ಅರ್ಥವಾಗುತ್ತದೆ. ಕ್ಯಾಥೊಲಿಕ್ಕರಲ್ಲಿ ಪೆಟ್ಟಿಗೆಯ ಮುಂದೆ ಮಂಡಿಯೂರುವ ಮಣೆಯಿರುತ್ತದೆ, ಅದು ಪ್ರಾರ್ಥಿಸುವವರಿಗೆ. ನೀವು ಪಕ್ಕದಲ್ಲಿ ಒಂದು ಗಳಿಗೆ ನಿಂತರೆ ಸಾಕು. ಅಪ್ಪಿಕೊಳ್ಳುವುದೋ ಕೈ ಕುಲುಕುವುದೋ ಎಂಬುದನ್ನು ಎದುರಿಗಿದ್ದವರಿಗೆ ಬಿಡಿ. ಹೂವನ್ನು ಕೈಯಲ್ಲಿ ಹಿಡಿದು ಹೋಗುವ ರೂಢಿ ಅಲ್ಲಿಲ್ಲ, ಹೂವಿನ ಅಂಗಡಿಯಿಂದ ನೇರ ಕಳಿಸುತ್ತಾರೆ.

ಯಹೂದ್ಯರ ರೀತಿ ಬೇರೆ. ಅವರಲ್ಲಿ ದೇಹವನ್ನು ದರ್ಶನಕ್ಕಿಡುವುದು ಸಾಮಾನ್ಯವಾಗಿ ಇಲ್ಲ, ಹೂವೂ ಇಲ್ಲ. ಮಣ್ಣಾದ ಮೇಲೆ ಮನೆಯವರು ಏಳು ದಿನ ಮನೆಯಲ್ಲಿ ಕೂರುತ್ತಾರೆ, ಬಂದವರು ಅವರಾಗಿ ಮಾತಾಡುವವರೆಗೆ ಮಾತಾಡಬಾರದೆಂಬುದು ಹಳೆಯ ನಿಯಮ. ಬೈಬಲ್ಲಿನ ಯೋಬನ ಗೆಳೆಯರು ಅವನ ಜೊತೆ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಮೌನವಾಗಿ ಕೂತಿದ್ದರು. ಅಂಥ ಮನೆಗೆ ಹೋಗಿ ಬಂದ ದಿನ ನನಗೆ ನಮ್ಮೂರಿನ ಜಗಲಿಯೇ ಕಣ್ಣಿಗೆ ಕಟ್ಟಿತು. ಕನ್ನಡದವರಿಗೆ ಅಲ್ಲಿ ಯಾರೂ ಏನನ್ನೂ ಕಲಿಸಬೇಕಾಗಿಲ್ಲ.

ಎಷ್ಟು ಹೊತ್ತು ನಿಂತೆವೆಂದು ತಿಳಿಯಲು ಗಡಿಯಾರ ಬೇಡ. ಎದುರಿಗಿದ್ದವರ ನೋಟ ನಿಮ್ಮ ಭುಜದ ಮೇಲಿಂದ ಹಿಂದಿನವರ ಕಡೆಗೆ ಒಮ್ಮೆ ಹೋದರೆ ನಿಮ್ಮ ಸರದಿ ಮುಗಿಯಿತು. ಹೊರಡುವಾಗ ಬಾಯಿಗೆ ತಾನಾಗಿ ಬರುವ ‘ನೈಸ್ ಮೀಟಿಂಗ್ ಯೂ’, ‘ಹ್ಯಾವ್ ಎ ಗುಡ್ ಈವ್ನಿಂಗ್’ ಎಂಬ ಮಾತುಗಳನ್ನು ತಡೆದುಕೊಳ್ಳಬೇಕು. ಇಲ್ಲಿ ನಮ್ಮ ಅಭ್ಯಾಸವೇ ಕಾಯುತ್ತದೆ. ಊರಿನಲ್ಲಿ ‘ಹೋಗಿ ಬರ್ತೀನಿ’ ಎನ್ನದೆ ಎದ್ದು ಬರುತ್ತೇವಲ್ಲ, ಹಾಗೆ ಕೊನೆಯ ಕೈ ಬಿಟ್ಟು, ತಲೆ ಬಾಗಿಸಿ, ಸುಮ್ಮನೆ ಹೊರಬನ್ನಿ. ಸಾಲಿನಲ್ಲಿ ಹೇಳಲಾಗದ್ದು ಏನಾದರೂ ಉಳಿದಿದ್ದರೆ ಎರಡು ವಾರದೊಳಗೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಜನ ಬರುವುದು ನಿಂತ ಮೇಲೆ ಸೇರುವ ಕಾರ್ಡನ್ನು ಎರಡೆರಡು ಸಲ ಓದುತ್ತಾರೆ.

ಕನ್ನಡದ ಮನೆಗಳೂ ಈಗ ಈ ಸಾಲಿನ ಇನ್ನೊಂದು ಬದಿಯಲ್ಲಿ ನಿಲ್ಲುವಂತಾಗಿದೆ. ಮಕ್ಕಳ ಮನೆಗೆಂದು ಆರು ತಿಂಗಳಿಗೆ ಬಂದ ಅಪ್ಪ ಅಮ್ಮ ಅಲ್ಲೇ ತೀರಿಕೊಳ್ಳುತ್ತಾರೆ. ದೇಹ ಫ್ಯೂನರಲ್ ಹೋಮಿಗೆ ಹೋಗುತ್ತದೆ, ಪುರೋಹಿತರು ಅಲ್ಲಿಗೇ ಬರುತ್ತಾರೆ. ಬಿಳಿ ಪಂಚೆ ಉಟ್ಟ ಮಗ ಪೆಟ್ಟಿಗೆಯ ಪಕ್ಕ ನಿಂತಿರುತ್ತಾನೆ, ಕಪ್ಪು ಸೂಟಿನ ಸಹೋದ್ಯೋಗಿಗಳು ಏನು ಹೇಳಬೇಕೆಂದು ತಿಳಿಯದೆ ಸಾಲಿನಲ್ಲಿ ಬರುತ್ತಾರೆ. ಅವರಿಗೂ ಅದೇ ಭಯ.

ನನ್ನ ಸ್ನೇಹಿತರೊಬ್ಬರ ತಂದೆ ಹೀಗೆ ಹೋದರು. ಹಾಸನದ ಕಡೆಯವರು, ಇಂಗ್ಲಿಷು ಅಷ್ಟಕ್ಕಷ್ಟೆ. ಅವರಿಗೆ ಆ ಬೀದಿಯಲ್ಲಿ ಯಾರ ಪರಿಚಯವೂ ಇರಲಿಲ್ಲವೆಂದು ಮಗ ನಂಬಿದ್ದ. ಅಪ್ಪನನ್ನು ಒಂಟಿತನಕ್ಕೆ ದೂಡಿದೆನೆಂದು ಒಳಗೇ ಕೊರಗುತ್ತಲೂ ಇದ್ದ. ಆ ದಿನ ಸಾಲಿನ ಕೊನೆಯಲ್ಲಿ ಗುರುತಿಲ್ಲದ ವೃದ್ಧೆಯೊಬ್ಬರು ಬಂದರು. ‘ನಾನು ತಿರುವಿನ ಮನೆಯವಳು. ನಿಮ್ಮ ತಂದೆ ಬೆಳಗ್ಗೆ ಏಳಕ್ಕೆ ಉಲ್ಲನ್ ಟೋಪಿ ಹಾಕಿಕೊಂಡು ನನ್ನ ಮನೆ ಮುಂದೆ ಹೋಗುತ್ತಿದ್ದರು. ನಾನು ಕಿಟಕಿಯಲ್ಲಿರುತ್ತಿದ್ದೆ. ಕೈ ಮುಗಿಯುತ್ತಿದ್ದರು, ನಾನೂ ಮುಗಿಯುತ್ತಿದ್ದೆ. ಅವರು ಎರಡು ದಿನ ಬರದಿದ್ದಾಗ ಏನೋ ಆಗಿದೆ ಎನಿಸಿತು’ ಎಂದರು. ಮಂಕಿ ಕ್ಯಾಪ್ ಎಂಬ ಪದ ಆಕೆಗೆ ಗೊತ್ತಿರಲಿಲ್ಲ, ಕಿವಿಯಿಂದ ಗಲ್ಲದವರೆಗೆ ಬೆರಳಿನಿಂದ ಅದರ ಆಕಾರ ತೋರಿಸಿದರು. ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಸ್ನೇಹಿತ ಆಗ ಅತ್ತ. ಆಕೆ ಬೇರೇನೂ ಹೇಳಲಿಲ್ಲ. ಅವನಿಗೆ ಕೈ ಮುಗಿದು, ಪೆಟ್ಟಿಗೆಯ ಕಡೆ ತಿರುಗಿ ಅವರಿಗೂ ಮುಗಿದು, ಕೋಟು ಹಾಕಿಕೊಂಡು ಹೊರಗೆ ಹೋದರು.